‘ಒಂದು ಇದೆಯಲ್ಲ?’ ಎರಡನೇ ಪೋರ್ಟಬಲ್ ಅಲ್ಟ್ರಾಸೌಂಡ್ ಯಂತ್ರ ಕೇಳುವ ಪತ್ರದ ಹಿನ್ನೆಲೆ

ಮೊದಲ ಪೋರ್ಟಬಲ್ ಅಲ್ಟ್ರಾಸೌಂಡ್ ಯಂತ್ರ ಕೇಳಿ ವಿಭಾಗ ಮುಖ್ಯಸ್ಥರು ಬರೆದ ಪತ್ರಕ್ಕೆ ಆಸ್ಪತ್ರೆಯ ಆಡಳಿತ ಮಂಡಳಿ ಸಾಮಾನ್ಯವಾಗಿ ಒಪ್ಪುತ್ತದೆ. ಎರಡನೆಯದನ್ನು ಕೇಳಿದಾಗ ಬರುವ ಉತ್ತರ: ‘ಒಂದು ಇದೆಯಲ್ಲ, ಅದೇ ಹೆಚ್ಚಿನ ಹೊತ್ತು ಖಾಲಿ ನಿಂತಿರುತ್ತದೆ.’ ಈ ಉತ್ತರಕ್ಕೆ ಸಿದ್ಧತೆಯಿಲ್ಲದೆ, ಮೊದಲ ಪತ್ರದ ವಾದವನ್ನೇ ಇನ್ನಷ್ಟು ಒತ್ತಿ ಬರೆದರೆ ಕಡತ ಮುಂದೆ ಹೋಗುವುದಿಲ್ಲ. ಎರಡು ಪತ್ರಗಳ ವಾದ ಏಕೆ ಬೇರೆಯಾಗಬೇಕು ಎಂಬುದು ಈ ಯಂತ್ರ ರೋಗಿಯ ಹಾಸಿಗೆಯ ಪಕ್ಕಕ್ಕೆ ಬಂದ ಬಗೆಯನ್ನು ನೋಡಿದರೆ ತಿಳಿಯುತ್ತದೆ.

ಗ್ಲಾಸ್ಗೋದ ಪ್ರಸೂತಿ ತಜ್ಞ ಇಯಾನ್ ಡೊನಾಲ್ಡ್ ಮತ್ತು ಸಂಗಡಿಗರು 1958ರಲ್ಲಿ ಹೊಟ್ಟೆಯೊಳಗಿನ ಗಡ್ಡೆಗಳ ಅಲ್ಟ್ರಾಸೌಂಡ್ ಚಿತ್ರಗಳನ್ನು ಪ್ರಕಟಿಸಿದಾಗ ಯಂತ್ರವನ್ನು ರೋಗಿಯ ಬಳಿಗೆ ಒಯ್ಯುವ ಮಾತೇ ಇರಲಿಲ್ಲ. ಮುಂದೆ ಹಲವು ದಶಕ ಅದು ಹೆಚ್ಚಾಗಿ ಸ್ಕ್ಯಾನ್ ಕೋಣೆಯಲ್ಲೇ ಉಳಿಯಿತು. 1990ರ ದಶಕದಲ್ಲಿ ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾ, ಯುದ್ಧಭೂಮಿಯಲ್ಲಿ ಗಾಯಾಳುಗಳನ್ನು ಪರೀಕ್ಷಿಸಲು ಕೈಯಲ್ಲಿ ಹಿಡಿದು ಒಯ್ಯಬಹುದಾದ ಯಂತ್ರಕ್ಕೆ ಹಣ ಒದಗಿಸಿತು. ಆ ಕೆಲಸದಿಂದ ಹುಟ್ಟಿದ ಸೋನೋಸೈಟ್ ಕಂಪನಿಯ ಮೊದಲ ಯಂತ್ರ 1999ರಲ್ಲಿ ಮಾರುಕಟ್ಟೆಗೆ ಬಂತು. 2001ರಲ್ಲಿ ಅಮೆರಿಕದ ತುರ್ತು ಚಿಕಿತ್ಸಾ ವೈದ್ಯರ ಸಂಘ ತನ್ನ ಅಲ್ಟ್ರಾಸೌಂಡ್ ಮಾರ್ಗಸೂಚಿ ಹೊರಡಿಸಿತು. 2002ರಲ್ಲಿ ಚಿಕಿತ್ಸಾ ಮಾರ್ಗಸೂಚಿ ರೂಪಿಸುವ ಬ್ರಿಟನ್ನಿನ ನೈಸ್ ಸಂಸ್ಥೆ, ಕುತ್ತಿಗೆಯ ಒಳರಕ್ತನಾಳಕ್ಕೆ ಸೆಂಟ್ರಲ್ ಲೈನ್ ಎಂಬ ಕೊಳವೆ ಹಾಕುವಾಗ ಅಲ್ಟ್ರಾಸೌಂಡ್ ನೋಡಿಕೊಂಡು ಹಾಕುವುದೇ ಮೆಚ್ಚಿನ ವಿಧಾನ ಎಂದಿತು.

ಇದರಿಂದ ಮೊದಲ ಪತ್ರಕ್ಕೆ ಗಟ್ಟಿ ಆಧಾರ ಸಿಕ್ಕಿತು: ಸೂಜಿಯನ್ನು ಅಂದಾಜಿನ ಮೇಲೆ ಚುಚ್ಚಬೇಡಿ, ನೋಡಿ ಚುಚ್ಚಿ. ಒಂದು ಕೆಲಸಕ್ಕೆ ಒಂದು ಯಂತ್ರ ಸಾಕಿತ್ತು. ಆದರೆ ಯಂತ್ರ ಕೈಗೆ ಸಿಕ್ಕ ಮೇಲೆ ಕೆಲಸ ಒಂದಾಗಿ ಉಳಿಯಲಿಲ್ಲ. ನರದ ಸುತ್ತ ಮದ್ದು ಚುಚ್ಚಿ ಮರಗಟ್ಟಿಸುವ ನರ್ವ್ ಬ್ಲಾಕ್, ಅಪಘಾತದ ಗಾಯಾಳುವಿನ ಹೊಟ್ಟೆಯಲ್ಲಿ ರಕ್ತಸ್ರಾವದ ಹುಡುಕಾಟ, ಉಸಿರಾಟದ ತೊಂದರೆಯಲ್ಲಿ ಶ್ವಾಸಕೋಶದ ಪರೀಕ್ಷೆ, ರಕ್ತದೊತ್ತಡ ಕುಸಿದಾಗ ಹೃದಯದ ನೋಟ, ಹೀಗೆ ಎಲ್ಲವೂ ಅದೇ ಯಂತ್ರದ ಮೇಲೆ ಬಿದ್ದವು. ಎರಡನೇ ಪತ್ರ ಹುಟ್ಟುವುದು ಇಲ್ಲಿ. ಅಲ್ಟ್ರಾಸೌಂಡ್ ಉಪಯುಕ್ತ ಎಂದು ಈಗ ಯಾರಿಗೂ ಮನವರಿಕೆ ಮಾಡಬೇಕಿಲ್ಲ. ಒಂದೇ ಹೊತ್ತಿಗೆ ಇಬ್ಬರಿಗೆ ಬೇಕಾಗುತ್ತಿದೆ ಎಂಬುದನ್ನು ತೋರಿಸಬೇಕು.

ಇಲ್ಲೇ ಹೆಚ್ಚಿನ ವಿಭಾಗ ಮುಖ್ಯಸ್ಥರು ಎಡವುತ್ತಾರೆ. ಅವರು ಆಧಾರವಾಗಿ ಕೊಡುವುದು ಯಂತ್ರದ ಲಾಗ್‌ಬುಕ್. ಯಂತ್ರ ಸಿಕ್ಕವರು ಮಾತ್ರ ಅದರಲ್ಲಿ ಬರೆಯುತ್ತಾರೆ. ಕೇಳಿ ಸಿಗದೆ, ಕಾಯಲಾಗದೆ, ಯಂತ್ರವಿಲ್ಲದೆಯೇ ಕೆಲಸ ಮುಗಿಸಿದವರ ಹೆಸರು ಅಲ್ಲಿ ಇರುವುದಿಲ್ಲ.

ಒಂದು ಲೆಕ್ಕ ಮಾಡಿ ನೋಡೋಣ. ಒಂದು ವಿಭಾಗದಲ್ಲಿ ದಿನಕ್ಕೆ 14 ಬಾರಿ ಯಂತ್ರ ಬೇಕಾಗುತ್ತದೆ ಎಂದುಕೊಳ್ಳಿ. ಅದರಲ್ಲಿ 8 ಬೇಡಿಕೆ ಬೆಳಿಗ್ಗೆ 8ರಿಂದ 11ರೊಳಗೆ, ಉಳಿದ 6 ಬಾಕಿ 21 ಗಂಟೆಗಳಲ್ಲಿ. ತರುವುದು, ಬಳಸುವುದು, ಒರೆಸಿ ಶುಚಿ ಮಾಡುವುದು ಎಲ್ಲ ಸೇರಿ ಪ್ರತಿ ಬಾರಿಗೆ 25 ನಿಮಿಷ. ಬೆಳಗಿನ 8 ಬೇಡಿಕೆಗಳಿಗೆ ಬೇಕಾದದ್ದು 200 ನಿಮಿಷ. ಆ ಮೂರು ಗಂಟೆಗಳಲ್ಲಿ ಇರುವುದೇ 180. ಸಿಗದವರು ಕಾಯದೆ ಬೇರೆ ದಾರಿ ಹಿಡಿಯುತ್ತಾರೆ ಎಂದಾದರೆ, ಟೆಲಿಫೋನ್ ಲೈನುಗಳು ತುಂಬಿದಾಗ ಎಷ್ಟು ಕರೆಗಳಿಗೆ ಲೈನ್ ಸಿಗುವುದಿಲ್ಲ ಎಂದು ಲೆಕ್ಕ ಹಾಕಲು ಡೆನ್ಮಾರ್ಕಿನ ಗಣಿತಜ್ಞ ಎರ್ಲಾಂಗ್ 1917ರಲ್ಲಿ ಕೊಟ್ಟ ಸೂತ್ರ ಇಲ್ಲಿಗೂ ಹೊಂದುತ್ತದೆ. ಅದರಂತೆ ಬೆಳಗಿನ ಬೇಡಿಕೆಗಳಲ್ಲಿ ಅರ್ಧಕ್ಕಿಂತ ತುಸು ಹೆಚ್ಚಿನವರಿಗೆ ಯಂತ್ರ ಸಿಗುವುದಿಲ್ಲ. ಉಳಿದ ಹೊತ್ತಿನಲ್ಲಿ ಹತ್ತರಲ್ಲಿ ಒಬ್ಬರಿಗೆ ಸಿಗುವುದಿಲ್ಲ.

ಹಾಗಾಗಿ ಲಾಗ್‌ಬುಕ್ಕಿನಲ್ಲಿ ದಿನಕ್ಕೆ ಸುಮಾರು 9 ಬಳಕೆ ಮಾತ್ರ ಕಾಣುತ್ತದೆ, ಅಂದರೆ 225 ನಿಮಿಷ. ದಿನದ 24 ಗಂಟೆಗೆ ಹೋಲಿಸಿದರೆ ಶೇ. 16ಕ್ಕಿಂತ ಕಡಿಮೆ. ಮಂಡಳಿ ನೋಡುವುದು ಈ ಅಂಕಿಯನ್ನೇ, ಅದನ್ನು ನೋಡಿ ‘ಬೇಡ’ ಎನ್ನುವುದರಲ್ಲಿ ತಪ್ಪಿಲ್ಲ. ತಪ್ಪು ಇರುವುದು ಆ ಅಂಕಿಯನ್ನು ಮುಂದಿಟ್ಟ ಪತ್ರದಲ್ಲಿ. ಇದೇ ಬೇಡಿಕೆಗೆ ಎರಡು ಯಂತ್ರಗಳಿದ್ದರೆ ಬೆಳಗಿನ ಎಂಟರಲ್ಲಿ ಆರು ಮಂದಿಗೆ ಸಿಗುತ್ತದೆ. ಒಂದಿದ್ದಾಗ ಸಿಗುತ್ತಿದ್ದದ್ದು ನಾಲ್ವರಿಗೆ.

ಆದ್ದರಿಂದ ಪತ್ರ ಬರೆಯುವ ಮೊದಲು ಕನಿಷ್ಠ ನಾಲ್ಕು ವಾರ ಲಾಗ್‌ಬುಕ್ಕಿನ ಜೊತೆಗೆ ಬೇಡಿಕೆಯ ಹಾಳೆಯೊಂದನ್ನು ಇಡಬೇಕು. ಕೇಳಿದ ಸಮಯ, ಯಾವ ಕೆಲಸಕ್ಕೆ, ಸಿಕ್ಕಿತೋ ಇಲ್ಲವೋ, ಸಿಗದಿದ್ದರೆ ಏನು ಮಾಡಿದರು ಎಂಬ ನಾಲ್ಕು ಅಂಕಣ ಸಾಕು. ಇನ್ನೂ ಹೆಚ್ಚು ಕೇಳಿದರೆ ಯಾರೂ ತುಂಬುವುದಿಲ್ಲ. ಕೊನೆಯ ಅಂಕಣವೇ ಪತ್ರದ ಜೀವ: ‘ನೋಡದೆ ಲೈನ್ ಹಾಕಲಾಯಿತು’, ‘ನರ್ವ್ ಬ್ಲಾಕ್ ಬಿಟ್ಟು ಪೂರ್ಣ ಅರಿವಳಿಕೆ ಕೊಡಲಾಯಿತು’, ‘ಶಸ್ತ್ರಚಿಕಿತ್ಸೆ ತಡವಾಗಿ ಶುರುವಾಯಿತು’ ಎಂಬ ಸಾಲುಗಳಿಗೆ ತೂಕವಿದೆ. ಎರಡನೇ ಅಂಕಣದಲ್ಲೇ ಮೊದಲೇ ನಿಗದಿಯಾದ ಕೆಲಸ ಮತ್ತು ತುರ್ತು ಕೆಲಸವನ್ನು ಬೇರೆಯಾಗಿ ಗುರುತಿಸುವುದೂ ಮುಖ್ಯ. ಬೆಳಗಿನ ಗದ್ದಲವೆಲ್ಲ ನಿಗದಿತ ಬ್ಲಾಕ್‌ಗಳದ್ದೇ ಆಗಿದ್ದರೆ ಅವುಗಳ ಸಮಯ ಹಿಂದೆಮುಂದೆ ಮಾಡಿದರೆ ಸಾಕು, ಹೊಸ ಯಂತ್ರ ಬೇಡ. ಮಂಡಳಿ ಕೇಳುವ ಮೊದಲೇ ವಿಭಾಗ ಇದನ್ನು ಪರೀಕ್ಷಿಸಿ, ಫಲಿತಾಂಶವನ್ನು ಪತ್ರದಲ್ಲೇ ಬರೆಯಬೇಕು.

ಎರಡನೇ ಆಧಾರ ದುರಸ್ತಿಯ ದಿನಗಳು. ಪೋರ್ಟಬಲ್ ಯಂತ್ರದಲ್ಲಿ ಮೊದಲು ಕೈಕೊಡುವುದು ಹೆಚ್ಚಾಗಿ ರೋಗಿಯ ಮೈಮೇಲೆ ಇಟ್ಟು ನೋಡುವ ಪ್ರೋಬ್. ಕೆಳಗೆ ಬೀಳುತ್ತದೆ, ಕೇಬಲ್ ಗಾಲಿಯಡಿ ಸಿಕ್ಕುತ್ತದೆ, ತಯಾರಕರು ಒಪ್ಪದ ದ್ರಾವಣದಲ್ಲಿ ಒರೆಸಿದರೆ ಮುಂಭಾಗದ ಪದರ ಬಿರಿಯುತ್ತದೆ. ಒಳಗಿನ, ಧ್ವನಿ ಹೊರಡಿಸುವ ಹರಳುಗಳು ಸತ್ತರೆ ಚಿತ್ರದಲ್ಲಿ ಮೇಲಿನಿಂದ ಕೆಳಗೆ ಕಪ್ಪು ಪಟ್ಟಿ ಬೀಳುತ್ತದೆ. ಜೆಲ್ ಹಚ್ಚದ ಪ್ರೋಬ್‌ನ ಮೇಲೆ ಪೇಪರ್ ಕ್ಲಿಪ್ ಒಂದನ್ನು ಒಂದು ತುದಿಯಿಂದ ಇನ್ನೊಂದಕ್ಕೆ ನಿಧಾನವಾಗಿ ಸರಿಸಿದರೆ ಪರದೆಯಲ್ಲೂ ಅದರ ಗುರುತು ಜೊತೆಗೇ ಸರಿಯಬೇಕು. ಎಲ್ಲಾದರೂ ಮಸುಕಾದರೆ ಅಲ್ಲಿನ ಹರಳು ಕೆಲಸ ಮಾಡುತ್ತಿಲ್ಲ. ಯಂತ್ರ ಒಂದೇ ಇದ್ದಾಗ ಇಂಥ ಪ್ರೋಬನ್ನು ದುರಸ್ತಿಗೆ ಕಳಿಸಲು ವಿಭಾಗ ಹಿಂಜರಿಯುತ್ತದೆ, ಕೆಟ್ಟ ಚಿತ್ರದಲ್ಲೇ ದಿನ ದೂಡುತ್ತದೆ. ಕಳೆದ ವರ್ಷ ಎಷ್ಟು ದಿನ ಯಂತ್ರ ಲಭ್ಯವಿರಲಿಲ್ಲ ಎಂಬುದನ್ನು ಸರ್ವೀಸ್ ವರದಿಗಳಿಂದ ತೆಗೆದು ಸೇರಿಸಬೇಕು.

ಖರ್ಚಿನ ಪುಟದಲ್ಲಿ ಯಂತ್ರದ ಬೆಲೆ ಮಾತ್ರ ಬರೆದರೆ ಹಣಕಾಸು ವಿಭಾಗ ಪತ್ರವನ್ನು ಹಿಂದಿರುಗಿಸುತ್ತದೆ. ಪ್ರೋಬ್‌ಗಳು, ಗಾಲಿ ಸ್ಟ್ಯಾಂಡ್, ನಿರ್ವಹಣಾ ಒಪ್ಪಂದ, ಬದಲಿ ಬ್ಯಾಟರಿ, ಸ್ಟೆರೈಲ್ ಕವರ್ ಮತ್ತು ಜೆಲ್, ಚಿತ್ರಗಳನ್ನು ಆಸ್ಪತ್ರೆಯ ದಾಖಲೆಗೆ ಸೇರಿಸುವ ಸಂಪರ್ಕ, ಸಿಬ್ಬಂದಿಯ ತರಬೇತಿ ಎಲ್ಲವನ್ನೂ ಐದು ವರ್ಷಕ್ಕೆ ಕೂಡಿಸಬೇಕು. ಪ್ರೋಬ್ ಆಯ್ಕೆಯಲ್ಲಿ ಬೇಡಿಕೆಯ ಹಾಳೆಯೇ ದಾರಿ ತೋರಿಸುತ್ತದೆ. ಸಿಗದೆ ಹೋದ ಕೆಲಸಗಳೆಲ್ಲ ರಕ್ತನಾಳ ಮತ್ತು ನರಗಳಿಗೆ ಸಂಬಂಧಿಸಿದ್ದರೆ ಚರ್ಮದ ಹತ್ತಿರದ ಭಾಗಗಳನ್ನು ತೋರಿಸುವ ಲೀನಿಯರ್ ಪ್ರೋಬ್ ಒಂದೇ ಸಾಕು. ಹೃದಯದ ಪ್ರೋಬ್ ಮೊದಲ ಯಂತ್ರದಲ್ಲೇ ಇರಲಿ. ಇದರಿಂದ ಬೇಡಿಕೆಯ ಮೊತ್ತ ಗಣನೀಯವಾಗಿ ಇಳಿಯುತ್ತದೆ. ಎರಡೂ ಯಂತ್ರ ಒಂದೇ ಮಾದರಿಯದ್ದಾದರೆ ಪ್ರೋಬ್ ಅದಲುಬದಲು ಮಾಡಬಹುದು, ಹೊಸದಾಗಿ ಕಲಿಯುವ ಶ್ರಮವೂ ತಪ್ಪುತ್ತದೆ. ಕಂಪನಿ ಒಂದೇ ಎಂದು ಕನೆಕ್ಟರ್ ಹೊಂದುತ್ತದೆ ಎಂದುಕೊಳ್ಳಬಾರದು, ಮಾದರಿ ಬದಲಾದರೆ ಅದೂ ಬದಲಾಗಬಹುದು.

ಈಗ ಮಂಡಳಿ ಕೇಳುವ ಇನ್ನೊಂದು ಪ್ರಶ್ನೆ, ಫೋನಿಗೆ ಜೋಡಿಸುವ ಅಂಗೈಯಷ್ಟಗಲದ ಯಂತ್ರ ಸಾಲದೇ ಎಂಬುದು. ಕೆಲವು ಕೆಲಸಕ್ಕೆ ಸಾಕು. ಮೂತ್ರಕೋಶದಲ್ಲಿ ಎಷ್ಟು ಮೂತ್ರ ನಿಂತಿದೆ, ಎದೆಯಲ್ಲಿ ನೀರಿದೆಯೇ ಎಂದು ತಿಳಿಯಲು ಅದು ಒದಗುತ್ತದೆ. ಸತತ ಬಳಕೆಯಲ್ಲಿ ಬಿಸಿಯಾಗಿ ನಿಲ್ಲುವುದು, ಬ್ಯಾಟರಿ ಬೇಗ ಇಳಿಯುವುದು, ಸೂಜಿಯ ತುದಿ ಸಣ್ಣ ಪರದೆಯಲ್ಲಿ ಸ್ಪಷ್ಟವಾಗಿ ಕಾಣದಿರುವುದು ಅದರ ಮಿತಿಗಳು. ಬೇಡಿಕೆಯ ಹಾಳೆಯಲ್ಲಿ ಇಂಥ ‘ನೋಡಿ ಬರುವ’ ಕೆಲಸಗಳೇ ಹೆಚ್ಚಿದ್ದರೆ ಮುಖ್ಯಸ್ಥರು ಅದನ್ನೇ ಕೇಳುವುದು ಸರಿ. ಸೂಜಿ ಚುಚ್ಚುವ ಕೆಲಸಗಳು ಹೆಚ್ಚಿದ್ದರೆ ಅದೇ ಹಾಳೆಯನ್ನು ಉತ್ತರವಾಗಿ ಲಗತ್ತಿಸಬೇಕು. ಖರೀದಿಯಾದ ಆರು ತಿಂಗಳ ಬಳಿಕ ಅದೇ ನಾಲ್ಕು ಅಂಕಣಗಳನ್ನು ಮತ್ತೆ ನಾಲ್ಕು ವಾರ ತುಂಬಿ, ‘ಸಿಗಲಿಲ್ಲ’ ಎಂಬ ಸಾಲುಗಳು ಎಷ್ಟು ಇಳಿದಿವೆ ಎಂದು ಮಂಡಳಿಗೆ ವರದಿ ಕೊಡುವುದಾಗಿ ಪತ್ರದ ಕೊನೆಯಲ್ಲಿ ದಿನಾಂಕ ಸಮೇತ ಬರೆಯಬೇಕು.