ಸೆನ್ಸೆಕ್ಸ್ ಚೇತರಿಸಿದ ದಿನ, ನಿಮ್ಮ ದುಡ್ಡು ಚೇತರಿಸಿದ ದಿನ

2025ರ ಮಾರ್ಚ್ ಮೊದಲ ವಾರ. ತಂಗಿಯ ಮಗಳು ಹಾಸನದ ನಮ್ಮ ಮನೆಗೆ ಬಂದಿದ್ದಳು. ಕೆಲಸಕ್ಕೆ ಸೇರಿ ಒಂದೂವರೆ ವರ್ಷವಾಗಿತ್ತು. 2024ರ ಸೆಪ್ಟೆಂಬರ್ ಕೊನೆಯಲ್ಲಿ ಸೆನ್ಸೆಕ್ಸ್ 85,000 ದಾಟಿದಾಗ, ಆ ಸೂಚ್ಯಂಕದ ಹಾಗೆಯೇ ಏರಿಳಿಯುವ ಇಂಡೆಕ್ಸ್ ಫಂಡಿಗೆ ಒಂದೂವರೆ ಲಕ್ಷ ಒಟ್ಟಿಗೆ ಹಾಕಿದ್ದಳು. ಅದರ ಜೊತೆಗೆ ತಿಂಗಳಿಗೆ 5,000 ರೂಪಾಯಿಯ ಎಸ್‌ಐಪಿ. ಈಗ ಸೂಚ್ಯಂಕ 73,000ದ ಹತ್ತಿರ ಬಂದಿತ್ತು. ಒಂದೂವರೆ ಲಕ್ಷ, 1 ಲಕ್ಷ 28 ಸಾವಿರದ ಆಸುಪಾಸಿಗೆ ಇಳಿದಿತ್ತು. ಕಾಫಿ ಲೋಟ ಕೈಗೆ ತೆಗೆದುಕೊಳ್ಳುವ ಮೊದಲೇ ಕೇಳಿದಳು: "ಮಾವ, ಇದು ವಾಪಸ್ ಬರೋಕೆ ಎಷ್ಟು ದಿನ ಬೇಕು?"

ಅವಳ ಆಫೀಸಿನಲ್ಲಿ ಎರಡು ಉತ್ತರ ಸಿಕ್ಕಿದ್ದವು. ಮೇ ತಿಂಗಳಲ್ಲಿ ಗುರು ಮಿಥುನಕ್ಕೆ ಬರುತ್ತಾನೆ, ಆಮೇಲೆ ಏರುತ್ತೆ ಅಂತ ಒಬ್ಬರು. ಯಾವ ಕುಸಿತವಾದರೂ ಎರಡು ವರ್ಷ ಕಾದರೆ ಸರಿಹೋಗುತ್ತೆ ಅಂತ ಇನ್ನೊಬ್ಬರು. ಎರಡನೆಯದು ವಿಜ್ಞಾನದ ಹಾಗೆ ಕೇಳಿಸುತ್ತೆ. ನನಗೆ ಎರಡೂ ಒಂದೇ. ಲೆಕ್ಕ ನೋಡದೆ ಹೇಳಿದ ಭವಿಷ್ಯ.

ಗುರುವಿನ ಮಾತು ಬಂದಿದ್ದರಿಂದ ಅದನ್ನೇ ಮೊದಲು ನೋಡೋಣ. ಗುರು ಸೂರ್ಯನನ್ನು ಒಂದು ಸುತ್ತು ಬರಲು ಸುಮಾರು 12 ವರ್ಷ ಬೇಕು. ನಮ್ಮ ಪಂಚಾಂಗದ ಪ್ರಕಾರ 2008ರ ಜನವರಿಯಲ್ಲಿ ಅವನು ಧನು ರಾಶಿಯಲ್ಲಿದ್ದ. 2020ರ ಜನವರಿಯಲ್ಲೂ ಧನುವಿನಲ್ಲೇ ಇದ್ದ. ಎರಡೂ ಸಲ ಸೆನ್ಸೆಕ್ಸ್ ಆ ಜನವರಿಯಲ್ಲೇ ಶಿಖರ ಮುಟ್ಟಿ, ಆಮೇಲೆ ಉರುಳಿತು. ಇಷ್ಟು ಕೇಳಿದವರಿಗೆ ಮೈ ಜುಮ್ಮೆನ್ನಬಹುದು. ಆದರೆ ಮುಂದೆ ನೋಡಿ. 2020ರಲ್ಲಿ ಜನವರಿಯ ಎತ್ತರಕ್ಕೆ ಸೂಚ್ಯಂಕ ಮರಳಿದ್ದು ನವೆಂಬರ್‌ನಲ್ಲಿ, ಸುಮಾರು 10 ತಿಂಗಳಿಗೆ. 2008ರ ಜನವರಿಯ ಎತ್ತರಕ್ಕೆ ಮರಳಿದ್ದು 2010ರ ನವೆಂಬರ್‌ನಲ್ಲಿ, 34 ತಿಂಗಳಿಗೆ. ಅದೇ ಗುರು, ಅದೇ ರಾಶಿ. ಕಾದ ಕಾಲ ಮಾತ್ರ ಮೂರು ಪಟ್ಟು ಜಾಸ್ತಿ.

ವ್ಯತ್ಯಾಸ ಎಲ್ಲಿದೆ? ಪೆಟ್ಟು ಎಲ್ಲಿಗೆ ಬಿತ್ತು ಅನ್ನುವುದರಲ್ಲಿ. ಸಕಲೇಶಪುರದ ಕಡೆ ಕಾಫಿ ಬೆಳೆಯುವವರಿಗೆ ಇದು ಬೇಗ ಅರ್ಥವಾಗುತ್ತೆ. ಹೂಮಳೆ ಕೈಕೊಟ್ಟರೆ ಆ ವರ್ಷದ ಫಸಲು ಹೋಗುತ್ತೆ, ಗಿಡ ಉಳಿಯುತ್ತೆ. ಬೇರು ಕೊಳೆತರೆ ಮುಂದಿನ ವರ್ಷದ ಫಸಲೂ ಇಲ್ಲ. 2020ರಲ್ಲಿ ಲಾಕ್‌ಡೌನ್‌ನಿಂದ ವ್ಯಾಪಾರ ನಿಂತಿತು. ಆದರೆ ಜಗತ್ತಿನ ದೊಡ್ಡ ಬ್ಯಾಂಕುಗಳ ಬುಡ ಗಟ್ಟಿಯಾಗಿತ್ತು. ಸರ್ಕಾರಗಳೂ ಕೇಂದ್ರ ಬ್ಯಾಂಕುಗಳೂ ದುಡ್ಡು ಹರಿಸಿದವು. 2008ರಲ್ಲಿ ಕೊಳೆತದ್ದು ಬೇರು. ಅಮೆರಿಕದ ಮನೆ ಸಾಲಗಳು ಮುಳುಗಿ, ಸಾಲ ಕೊಡುವ ಸಂಸ್ಥೆಗಳೇ ಕುಸಿದವು. ಸೆಪ್ಟೆಂಬರ್ 15ರಂದು ಲೀಮನ್ ಬ್ರದರ್ಸ್ ದಿವಾಳಿಗೆ ಅರ್ಜಿ ಹಾಕಿತು. ಕೈಯಲ್ಲಿ ನಗದು ಬೇಕಾದ ವಿದೇಶಿ ಹೂಡಿಕೆದಾರರು ನಮ್ಮ ಪೇಟೆಯಲ್ಲೂ ಸಿಕ್ಕಿದ ಬೆಲೆಗೆ ಮಾರಿದರು.

ಆ ಕುಸಿತ ಎಷ್ಟು ಆಳವಿತ್ತು ಅಂದರೆ, 2008ರ ಜನವರಿ 8ರಂದು 20,873ರಲ್ಲಿ ಮುಗಿದ ಸೆನ್ಸೆಕ್ಸ್ 2009ರ ಮಾರ್ಚ್ 9ಕ್ಕೆ 8,160ಕ್ಕೆ ಬಂತು. ನೂರು ರೂಪಾಯಿ 39 ಆಯಿತು. 61 ರೂಪಾಯಿ ಹೋಗಿದೆ, ಹಾಗಾದರೆ ಶೇಕಡಾ 61 ಏರಿದರೆ ಸಾಕು ಅಲ್ವಾ? ಸಾಲದು. 39 ಮತ್ತೆ 100 ಆಗಬೇಕಾದರೆ ಶೇಕಡಾ 156 ಏರಬೇಕು. ಇಳಿಯುವಾಗ ಲೆಕ್ಕ ಹಾಕಿದ್ದು ದೊಡ್ಡ ಮೊತ್ತದ ಮೇಲೆ, ಏರುವಾಗ ಚಿಕ್ಕ ಮೊತ್ತದ ಮೇಲೆ. ಹೊಸಬರು ಎಡವುವುದು ಇಲ್ಲೇ.

34 ತಿಂಗಳಲ್ಲಿ ಮರಳಿತು ಅನ್ನುವುದೂ ಪೂರ್ತಿ ಸತ್ಯವಲ್ಲ. 2010ರ ದೀಪಾವಳಿಗೆ 21,000 ಮುಟ್ಟಿದ ಸೂಚ್ಯಂಕ ಮತ್ತೆ ಜಾರಿತು. 2011ರ ಕೊನೆಗೆ 15,500ರ ಹತ್ತಿರ ಇತ್ತು. ಮತ್ತೆ 21,000 ಕಂಡಿದ್ದು 2013ರ ಅಕ್ಟೋಬರ್ ಕೊನೆಯಲ್ಲಿ. ಅಷ್ಟರಲ್ಲಿ ದಿನಸಿ, ಬಾಡಿಗೆ, ಬಸ್ ಚಾರ್ಜು ಎಲ್ಲ ಏರಿದ್ದವು. 2008ರಲ್ಲಿ 100 ರೂಪಾಯಿಗೆ ಬರುತ್ತಿದ್ದ ಸಾಮಾನಿಗೆ 175ಕ್ಕಿಂತ ಜಾಸ್ತಿ ಕೊಡಬೇಕಿತ್ತು. ಶಿಖರದ ದಿನವೇ ಒಟ್ಟಿಗೆ ದುಡ್ಡು ಹಾಕಿದವರಿಗೆ ಆರು ವರ್ಷದ ಹತ್ತಿರ ಕಾದ ಮೇಲೂ ಸಿಕ್ಕಿದ್ದು ಅದೇ ಅಂಕಿ. ಕೊಳ್ಳುವ ಶಕ್ತಿ ಸಿಗಲಿಲ್ಲ. ನಡುವೆ ಕಂಪನಿಗಳು ಹಂಚಿದ ಲಾಭ, ಅಂದರೆ ಡಿವಿಡೆಂಡ್, ಆ ಹಳ್ಳದ ಒಂದು ಭಾಗವನ್ನಷ್ಟೇ ತುಂಬಿತು.

ಇಷ್ಟು ಹೇಳುವ ಹೊತ್ತಿಗೆ ತಂಗಿಯ ಮಗಳ ಮುಖ ಬಾಡಿತ್ತು. ಆದರೆ ಇದು ಒಂದೂವರೆ ಲಕ್ಷದ ಕಥೆ. ಅವಳ 5,000ದ ಕಥೆ ಬೇರೆ.

ಹಾಸನದವರಿಗೆ ಆಲೂಗಡ್ಡೆ ಬಿಟ್ಟು ಬೇರೆ ಉದಾಹರಣೆ ಯಾಕೆ? ಒಂದು ವಾರ ಕೆಜಿಗೆ 40 ರೂಪಾಯಿ. ಇನ್ನೊಂದು ವಾರ ರೇಟು ಬಿದ್ದು 10 ರೂಪಾಯಿ. ಎರಡೂ ವಾರ ನೀವು 200 ರೂಪಾಯಿಯಷ್ಟೇ ಕೊಟ್ಟಿರಿ. ಮೊದಲ ವಾರ 5 ಕೆಜಿ, ಎರಡನೇ ವಾರ 20 ಕೆಜಿ. 400 ರೂಪಾಯಿಗೆ 25 ಕೆಜಿ. ಕೆಜಿಗೆ ಬಿದ್ದದ್ದು 16 ರೂಪಾಯಿ. 40 ಮತ್ತು 10ರ ಸರಾಸರಿ 25 ತಾನೇ? ನಿಮಗೆ ಬಿದ್ದದ್ದು ಅದಕ್ಕಿಂತ ಕಡಿಮೆ. ಯಾಕೆಂದರೆ ಅಗ್ಗದ ವಾರದ ಆಲೂಗಡ್ಡೆಯೇ ಚೀಲದಲ್ಲಿ ಜಾಸ್ತಿ ಇದೆ. ನಿಮ್ಮ ಅಸಲು ವಾಪಸ್ ಬರಲು ರೇಟು 40ಕ್ಕೆ ಮರಳಬೇಕಾಗಿಲ್ಲ, 16 ಮುಟ್ಟಿದರೆ ಸಾಕು.

ಬೈಕಿಗೆ ಪ್ರತಿ ಸಲ "ಇನ್ನೂರು ರೂಪಾಯಿಗೆ ಹಾಕಿ" ಅನ್ನುವವರೂ ಇದನ್ನೇ ಮಾಡುತ್ತಾರೆ. ಪ್ರತಿ ಸಲ ಎರಡು ಲೀಟರ್ ಹಾಕಿಸುವವರು ಹಾಗಲ್ಲ. ಮೊದಲನೆಯವರಿಗೆ ಬೆಲೆ ಇಳಿದಾಗ ತಾನಾಗಿಯೇ ಪೆಟ್ರೋಲ್ ಜಾಸ್ತಿ ಬೀಳುತ್ತೆ, ಏರಿದಾಗ ಕಡಿಮೆ. ಯಾರೂ ಯೋಚನೆ ಮಾಡಬೇಕಾಗಿಲ್ಲ, ಕಾಲ ನೋಡಬೇಕಾಗಿಲ್ಲ. ಗಣಿತದಲ್ಲಿ ಇದಕ್ಕೆ ಹರಾತ್ಮಕ ಸರಾಸರಿ ಅನ್ನುತ್ತಾರೆ. ಬೆಲೆ ಏರಿಳಿಯುತ್ತಿದ್ದರೆ ಇದು ಮಾಮೂಲಿ ಸರಾಸರಿಗಿಂತ ಕೆಳಗೇ ಇರುತ್ತೆ. ಇಷ್ಟು ಸರಳ ಲೆಕ್ಕ ಇಷ್ಟು ದೊಡ್ಡ ಕೆಲಸ ಮಾಡುವುದನ್ನು ನೋಡಿದಾಗ ನನಗೆ ಈಗಲೂ ಖುಷಿಯಾಗುತ್ತೆ.

2008ರ ಮೇಲೆ ಇದನ್ನು ಕೂರಿಸಿ ನೋಡಿದೆವು. 2008ರ ಜನವರಿಯಿಂದ ಪ್ರತಿ ತಿಂಗಳ ಕೊನೆಯ ದಿನ ಸೆನ್ಸೆಕ್ಸ್‌ಗೆ 5,000 ರೂಪಾಯಿ. ಫಂಡಿನ ಖರ್ಚು, ಡಿವಿಡೆಂಡ್ ಎರಡನ್ನೂ ಬಿಟ್ಟಿದ್ದೇವೆ. 2009ರ ಫೆಬ್ರವರಿ ಕೊನೆಗೆ 14 ಕಂತು, 70,000 ರೂಪಾಯಿ. ಅದರ ಬೆಲೆ ಸುಮಾರು 49,800. ಹದಿನಾಲ್ಕು ತಿಂಗಳು ಕಟ್ಟಿ ಇಪ್ಪತ್ತು ಸಾವಿರ ಕಳೆದುಕೊಂಡ ಸ್ಥಿತಿ. ಎಸ್‌ಐಪಿ ನಿಲ್ಲಿಸಬೇಕು ಅನ್ನಿಸುವುದು ಸರಿಯಾಗಿ ಈ ಹೊತ್ತಿಗೆ. ನಿಲ್ಲಿಸದೆ ಮಾರ್ಚ್, ಏಪ್ರಿಲ್, ಮೇ ಕಂತು ಕಟ್ಟಿದ್ದರೆ? ಮೇ 18ರಂದು, ಚುನಾವಣೆ ಫಲಿತಾಂಶದ ನಂತರದ ಮೊದಲ ವಹಿವಾಟಿನ ದಿನ, ಸೆನ್ಸೆಕ್ಸ್ ಒಂದೇ ದಿನ 2,110 ಅಂಶ ಜಿಗಿಯಿತು. ತಿಂಗಳ ಕೊನೆಗೆ 14,625. ಕಟ್ಟಿದ್ದು 85,000, ಬೆಲೆ ಸುಮಾರು 1,00,900. ಶಿಖರದ ದಿನವೇ 85,000 ಒಟ್ಟಿಗೆ ಹಾಕಿದವರ ಬಳಿ ಅದೇ ದಿನ ಇದ್ದದ್ದು ಸುಮಾರು 59,600.

ಪೇಟೆ ಇನ್ನೂ ಶಿಖರದಿಂದ ಶೇಕಡಾ 30 ಕೆಳಗಿತ್ತು. ಕಂತು ಕಟ್ಟಿದವರ ದುಡ್ಡು ಆಗಲೇ ಮೇಲೆ ಬಂದಿತ್ತು. ಅದಕ್ಕೇ "ಚೇತರಿಕೆಗೆ ಎಷ್ಟು ಕಾಲ" ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಪತ್ರಿಕೆಯಲ್ಲಿ ಬರುವ ದಿನಾಂಕ ಶಿಖರದಲ್ಲಿ ಒಟ್ಟಿಗೆ ಕೊಂಡವರದ್ದು.

ಈ ಲೆಕ್ಕಕ್ಕೂ ಮಿತಿ ಇದೆ. ಆಲೂಗಡ್ಡೆ 16ಕ್ಕಾದರೂ ಏರಬೇಕು. ಜಪಾನಿನ ನಿಕೇಯ್ ಸೂಚ್ಯಂಕ 1989ರ ಡಿಸೆಂಬರ್ 29ರಂದು 38,915 ಮುಟ್ಟಿತ್ತು. ಅದನ್ನು ದಾಟಿದ್ದು 2024ರ ಫೆಬ್ರವರಿಯಲ್ಲಿ, 34 ವರ್ಷ ಕಳೆದ ಮೇಲೆ. ಶಿಖರದಲ್ಲಿ ಜನ ಕಂಪನಿಗಳ ವರ್ಷದ ಲಾಭದ ಸುಮಾರು 60 ಪಟ್ಟು ಬೆಲೆ ಕೊಡುತ್ತಿದ್ದರು. ಜೊತೆಗೆ ಭೂಮಿ ಬೆಲೆಯೂ ಸಾಲದ ಮೇಲೆ ಉಬ್ಬಿತ್ತು. ಎರಡೂ ಒಟ್ಟಿಗೆ ಒಡೆದವು. ಎರಡು ವರ್ಷ ಕಾದರೆ ಸಾಕು ಅನ್ನುವವರು ಇದನ್ನೊಮ್ಮೆ ನೋಡಬೇಕು.

ಇನ್ನೊಂದು ಮಿತಿ ಒಂಟಿ ಷೇರಿನದು. ಅರೇಬಿಕಾ ತೋಟಕ್ಕೆ ಬಿಳಿ ಕಾಂಡಕೊರಕ ಬಂದರೆ ಹುಳು ಹಿಡಿದ ಗಿಡ ಕಿತ್ತು ಹೊಸ ಗಿಡ ನೆಡುತ್ತಾರೆ. ತೋಟ ಉಳಿಯುತ್ತೆ, ಆ ಗಿಡ ಉಳಿಯುವುದಿಲ್ಲ. ಸೆನ್ಸೆಕ್ಸ್ ಕೂಡ 30 ಗಿಡದ ತೋಟ, ಒಂದೊಂದು ಗಿಡವೂ ಒಂದೊಂದು ಕಂಪನಿ. 2009ರ ಜನವರಿ 7ರಂದು ಸತ್ಯಂ ಕಂಪನಿಯ ಲೆಕ್ಕಗಳು ಸುಳ್ಳು ಎಂದು ಅದರ ಅಧ್ಯಕ್ಷರೇ ಒಪ್ಪಿಕೊಂಡರು. ಕೂಡಲೇ ಅದನ್ನು ಸೂಚ್ಯಂಕದಿಂದ ಕಿತ್ತು ಸನ್ ಫಾರ್ಮಾ ತಂದರು. ಸೂಚ್ಯಂಕ ಮುಂದೆ 21,000 ಕಂಡಿತು. 2010ರಲ್ಲಿ ಸೂಚ್ಯಂಕ ಅಲ್ಲಿಗೆ ಮುಟ್ಟಿದಾಗಲೂ ಸತ್ಯಂ ಷೇರಿಗೆ ಹಳೆಯ ಬೆಲೆ ಮರಳಿರಲಿಲ್ಲ. ಬೀಳುತ್ತಿರುವ ಒಂದೇ ಕಂಪನಿಯ ಷೇರನ್ನು ಕಂತಿನಲ್ಲಿ ಕೊಳ್ಳುವುದು ಹುಳು ಹಿಡಿದ ಗಿಡಕ್ಕೆ ಗೊಬ್ಬರ ಹಾಕಿದ ಹಾಗೆ.

ಆಮೇಲೆ ನಾನು ಕೇಳಿದೆ: "ಆ ಒಂದೂವರೆ ಲಕ್ಷ ಯಾವಾಗ ಬೇಕು?"

"ಜೂನ್‌ನಲ್ಲಿ. ತಮ್ಮನ ಕಾಲೇಜು ಫೀಸಿಗೆ."

ಮೂರು ತಿಂಗಳಲ್ಲಿ ಬೇಕಾದ ದುಡ್ಡಿಗೆ ಚೇತರಿಕೆಯ ಇತಿಹಾಸವೇ ಉಪಯೋಗಕ್ಕೆ ಬರುವುದಿಲ್ಲ. ಅದನ್ನು ತೆಗೆದು ಬ್ಯಾಂಕಿನಲ್ಲಿ ಇಡು, ಎಸ್‌ಐಪಿ ಮುಂದುವರಿಸು ಅಂದೆ. ಬೇಸರದಿಂದಲೇ ಹಾಗೆ ಮಾಡಿದಳು.

ಜೂನ್‌ನಲ್ಲಿ ಸೆನ್ಸೆಕ್ಸ್ 82,000ದ ಆಸುಪಾಸಿಗೆ ಮರಳಿತ್ತು. ಫೋನ್ ಬಂತು. "ತಪ್ಪು ಮಾಡಿದ್ವಾ ಮಾವ?"

2008ರ ತಿಂಗಳ ಪಟ್ಟಿ ಇನ್ನೂ ನನ್ನ ಮೇಜಿನ ಮೇಲೇ ಇತ್ತು. ಅವಳಿಗೆ ಎರಡು ಸಾಲು ಓದಿ ಹೇಳಿದೆ. 2008ರ ಜನವರಿ ಕೊನೆಗೆ ಸೆನ್ಸೆಕ್ಸ್ 17,648. ಅಂದರೆ ಶಿಖರದಿಂದ ಶೇಕಡಾ 15 ಕೆಳಗೆ, 2025ರ ಮಾರ್ಚ್‌ನಲ್ಲಿ ನಾವಿದ್ದ ಜಾಗದಲ್ಲೇ. ಅಂದೂ ಯಾರೋ ಜೂನ್ ಫೀಸಿಗೆ ಅಂತ ಕಾದಿರುತ್ತಾರೆ. ಆ ವರ್ಷದ ಜೂನ್ ಕೊನೆಗೆ ಸೂಚ್ಯಂಕ 13,461.