ಮೂಲೆಯಲ್ಲಿದ್ದ ಕ್ಯಾಮೆರಾವನ್ನು ಅಳಿಸಿದರೆ ಏನು ತಪ್ಪು?

ಪ್ರಶ್ನೆ: ಸುದ್ದಿಚಿತ್ರವನ್ನು ಎಷ್ಟರ ಮಟ್ಟಿಗೆ ತಿದ್ದಬಹುದು? ಸುದ್ದಿಗೆ ಸಂಬಂಧವೇ ಇಲ್ಲದ ವಿದ್ಯುತ್ ತಂತಿಯನ್ನೋ, ಹಿಂದೆ ಇಣುಕುವ ತಲೆಯನ್ನೋ ತೆಗೆದರೆ ಯಾರಿಗೇನು ನಷ್ಟ? ಎಐ ಚಿತ್ರ ಬಳಸಿದಾಗ ‘ಸಾಂದರ್ಭಿಕ ಚಿತ್ರ’ ಎಂದು ಬರೆದರೆ ಸಾಕಲ್ಲವೇ?

ಉತ್ತರ: ಈ ಪ್ರಶ್ನೆಗೆ ಎಷ್ಟು ಸಲ ಉತ್ತರಿಸಿದ್ದೇನೋ ಲೆಕ್ಕವಿಲ್ಲ. ಪ್ರತಿ ಸಲವೂ ಕೇಳುವವರು ‘ಎಷ್ಟು’ ಎಂದೇ ಕೇಳುತ್ತಾರೆ. ತಪ್ಪು ಅಲ್ಲಿಂದಲೇ ಶುರುವಾಗುತ್ತದೆ. ಅಡುಗೆಗೆ ಉಪ್ಪು ಹಾಕಿದ ಹಾಗೆ ಚಿಟಿಕೆಯಾದರೆ ಸರಿ, ಹಿಡಿಯಾದರೆ ತಪ್ಪು ಎಂಬ ಅಳತೆ ಇಲ್ಲಿ ನಡೆಯುವುದಿಲ್ಲ.

ಇಡೀ ಚಿತ್ರವನ್ನು ಎರಡು ಪಟ್ಟು ಬೆಳಗಿಸಿದರೂ ಅದು ಸುದ್ದಿಚಿತ್ರವಾಗಿಯೇ ಉಳಿಯಬಹುದು. ಸಂಜೆಗತ್ತಲಲ್ಲಿ ತೆಗೆದ ಫೋಟೊ ಪತ್ರಿಕೆಯ ಕಾಗದದಲ್ಲಿ ಮಸಿಯಂತೆ ಕಾಣಬಾರದೆಂದು ಬೆಳಕು ಏರಿಸುವುದು, ಟ್ಯೂಬ್‌ಲೈಟಿನ ಹಸಿರು ಛಾಯೆಯನ್ನು ಸರಿಪಡಿಸುವುದು, ಅಂಚನ್ನು ಕ್ರಾಪ್ ಮಾಡುವುದು, ಕ್ಯಾಮೆರಾದ ಸೆನ್ಸರ್ ಮೇಲೆ ಕುಳಿತ ಧೂಳಿನ ಚುಕ್ಕೆಯನ್ನು ಅಳಿಸುವುದು, ಇವೆಲ್ಲ ದಿನನಿತ್ಯದ ಕೆಲಸಗಳು. ಆದರೆ ಕ್ಯಾಮೆರಾದ ಮುಂದೆ ನಿಜವಾಗಿ ಇದ್ದ ಅಂಗಿಯ ಒಂದು ಗುಂಡಿಯನ್ನೂ ತೆಗೆಯುವಂತಿಲ್ಲ, ಇಲ್ಲದ ಒಂದು ಎಲೆಯನ್ನೂ ಸೇರಿಸುವಂತಿಲ್ಲ. ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆಯ ನಿಯಮಾವಳಿ ಫ್ಲ್ಯಾಶ್ ಬೆಳಕಿಗೆ ಕೆಂಪಾಗಿ ಕಾಣುವ ಕಣ್ಣನ್ನು ಸರಿಪಡಿಸುವುದಕ್ಕೂ ಅನುಮತಿ ಕೊಡುವುದಿಲ್ಲ. ಧೂಳು ಕ್ಯಾಮೆರಾದ ಒಳಗಿನದು, ಹಾಗಾಗಿ ತೆಗೆಯಬಹುದು. ತಂತಿ ಬೀದಿಯದು, ಹಾಗಾಗಿ ತೆಗೆಯಬಾರದು.

‘ಸುದ್ದಿಗೆ ಸಂಬಂಧವಿಲ್ಲದ್ದಾದರೆ ಪರವಾಗಿಲ್ಲ’ ಎಂಬ ವಾದವಂತೂ ಕಿತ್ತಷ್ಟೂ ಚಿಗುರುವ ಕಳೆ. ಅದಕ್ಕೆ ನಾನು ಯಾವಾಗಲೂ ಕೊಡುವ ಉದಾಹರಣೆ 2013ರ ಸೆಪ್ಟೆಂಬರಿನದು. ಸಿರಿಯಾದ ಇದ್ಲಿಬ್ ಪ್ರಾಂತ್ಯದಲ್ಲಿ ಸರ್ಕಾರಿ ಪಡೆಗಳೊಂದಿಗೆ ಗುಂಡಿನ ಕಾಳಗ ನಡೆದಿತ್ತು. ಬಂಡುಕೋರ ಹೋರಾಟಗಾರನೊಬ್ಬ ರಕ್ಷಣೆ ಪಡೆಯುತ್ತಿದ್ದ ಕ್ಷಣವನ್ನು ಅಸೋಸಿಯೇಟೆಡ್ ಪ್ರೆಸ್‌ಗಾಗಿ ನಾರ್ಸಿಸೊ ಕಾಂಟ್ರೆರಾಸ್ ಸೆರೆಹಿಡಿದರು. ಚೌಕಟ್ಟಿನ ಕೆಳಗಿನ ಎಡಮೂಲೆಯಲ್ಲಿ ಸಹೋದ್ಯೋಗಿಯೊಬ್ಬರ ವಿಡಿಯೊ ಕ್ಯಾಮೆರಾ ಇತ್ತು. ಅದು ನೋಡುಗರ ಗಮನವನ್ನು ಬೇರೆಡೆಗೆ ಎಳೆಯುತ್ತದೆಂದು ಅವರು ಪಕ್ಕದ ನೆಲದ ತುಣುಕನ್ನು ನಕಲಿಸಿ ಅದರ ಮೇಲೆ ಮುಚ್ಚಿದರು. ಹೋರಾಟಗಾರ ನಿಜ, ಬಂದೂಕು ನಿಜ, ಕಾಳಗವೂ ನಿಜ. ಮುಂದೆ ಈ ವಿಷಯವನ್ನು ಸಂಪಾದಕರಿಗೆ ತಿಳಿಸಿದವರೂ ಅವರೇ. ಸಂಸ್ಥೆ ಅವರ ಸುಮಾರು 500 ಚಿತ್ರಗಳನ್ನು ಮೂಲ ಕಡತಗಳೊಂದಿಗೆ ಹೋಲಿಸಿ ನೋಡಿತು. ಬೇರೆ ಯಾವುದರಲ್ಲೂ ತಿದ್ದಿದ ಗುರುತು ಸಿಗಲಿಲ್ಲ. ಆದರೂ 2014ರ ಜನವರಿಯಲ್ಲಿ ಅವರೊಂದಿಗಿನ ಸಂಬಂಧವನ್ನು ಕಡಿದುಕೊಂಡಿತು. ಅದರ ಹಿಂದಿನ ವರ್ಷವಷ್ಟೇ ಪುಲಿಟ್ಜರ್ ಪ್ರಶಸ್ತಿ ಪಡೆದ ತಂಡದಲ್ಲಿ ಅವರಿದ್ದರು.

‘ಇದು ಅತಿಯಾಯಿತು’ ಎಂದು ತರಗತಿಯಲ್ಲಿ ಪ್ರತಿ ವರ್ಷ ಒಬ್ಬರಾದರೂ ಹೇಳುತ್ತಾರೆ. ನಾನು ಅವರಿಗೆ ಕೇಳುವುದಿಷ್ಟೇ: ಆ ಕ್ಯಾಮೆರಾ ಸುದ್ದಿಗೆ ಸಂಬಂಧವಿಲ್ಲದ್ದು ಎಂದು ತೀರ್ಮಾನಿಸಿದವರು ಯಾರು? ಕಾಳಗದ ನಡುವೆ ವಿಡಿಯೊ ಚಿತ್ರೀಕರಣವೂ ನಡೆದಿತ್ತು ಎಂಬುದು ಒಬ್ಬ ಓದುಗನಿಗೆ ಮುಖ್ಯ ಸಂಗತಿಯಾಗಬಹುದು, ಹತ್ತು ವರ್ಷದ ನಂತರ ಒಬ್ಬ ತನಿಖಾಧಿಕಾರಿಗೆ ಸಾಕ್ಷ್ಯವಾಗಬಹುದು. ಯಾವುದು ಬೇಡದ್ದು ಎಂಬ ನಿರ್ಧಾರವನ್ನು ಗುಟ್ಟಾಗಿ ತೆಗೆದುಕೊಂಡ ಮೇಲೆ, ಚಿತ್ರದಲ್ಲಿ ಉಳಿದದ್ದನ್ನು ನಂಬಲು ಓದುಗನಿಗೆ ಆಧಾರವೇ ಇರುವುದಿಲ್ಲ. ಮೂಲೆ ಬೇಡವೆನಿಸಿದರೆ ಕ್ರಾಪ್ ಮಾಡಬಹುದಿತ್ತು. ಕ್ರಾಪ್ ಮಾಡಿದಾಗ ಚೌಕಟ್ಟು ಕಿರಿದಾಗುತ್ತದೆ, ಒಳಗಿರುವುದು ಇದ್ದಂತೆಯೇ ಇರುತ್ತದೆ. ನೆಲದ ತುಣುಕನ್ನು ತಂದು ಅಂಟಿಸಿದಾಗ ಅಲ್ಲಿ ಇಲ್ಲದ ನೆಲವನ್ನು ತೋರಿಸಿದಂತಾಗುತ್ತದೆ. (ಕ್ರಾಪ್ ಕೂಡ ಸುಳ್ಳು ಹೇಳಬಲ್ಲದು. ಇಪ್ಪತ್ತು ಜನರ ಸಭೆಯನ್ನು ಬಿಗಿಯಾಗಿ ಕತ್ತರಿಸಿ ಜನಸಾಗರವೆಂದು ತೋರಿಸಿದರೆ ಅದೂ ಮೋಸವೇ.)

‘ಧೂಳು ತೆಗೆದೆ’ ಎಂಬ ಸಬೂಬಿನ ಬಗ್ಗೆಯೂ ಎಚ್ಚರವಿರಲಿ. 2006ರ ಆಗಸ್ಟಿನಲ್ಲಿ ಬೈರೂತಿನ ಮೇಲೆ ಇಸ್ರೇಲ್ ನಡೆಸಿದ ದಾಳಿಯ ಚಿತ್ರವೊಂದನ್ನು ರಾಯಿಟರ್ಸ್ ಹಿಂಪಡೆಯಿತು. ಅದರಲ್ಲಿ ಹೊಗೆಯನ್ನು, ಚಿತ್ರದ ಒಂದು ಭಾಗವನ್ನು ನಕಲಿಸಿ ಇನ್ನೊಂದೆಡೆ ಅಂಟಿಸುವ ತಂತ್ರಾಂಶದ ಕ್ಲೋನ್ ಉಪಕರಣದಿಂದ ಹೆಚ್ಚಿಸಲಾಗಿತ್ತು. ಒಂದೇ ಆಕಾರದ ಹೊಗೆಯ ಸುರುಳಿಗಳು ಸಾಲಾಗಿ ಮರುಕಳಿಸಿದ್ದನ್ನು ಓದುಗರೇ ಗುರುತಿಸಿದ್ದರು. ಧೂಳಿನ ಕಲೆ ತೆಗೆಯಲು ಹೋಗಿದ್ದೆ ಎಂಬುದು ಛಾಯಾಗ್ರಾಹಕರ ವಿವರಣೆಯಾಗಿತ್ತು. ಅವರದೇ ಇನ್ನೊಂದು ಚಿತ್ರದಲ್ಲಿ ಯುದ್ಧವಿಮಾನ ಬಿಟ್ಟ ಒಂದು ಬೆಂಕಿಯುಂಡೆ ಮೂರಾಗಿತ್ತು, ಅಡಿಬರಹವೋ ಅವನ್ನು ಕ್ಷಿಪಣಿಗಳೆಂದು ಕರೆದಿತ್ತು. ಕೊನೆಗೆ ಸಂಸ್ಥೆ ಅವರ 920 ಚಿತ್ರಗಳನ್ನು ಮಾರಾಟದಿಂದ ಹಿಂತೆಗೆಯಿತು. ಹೊಗೆ, ಮೋಡ, ಜನಜಂಗುಳಿ ಇರುವ ಚಿತ್ರ ಬಂದರೆ ದೊಡ್ಡದು ಮಾಡಿ ನೋಡಿ. ಒಂದೇ ಆಕಾರ ಎರಡು ಕಡೆ ಕಂಡರೆ ಅದರ ಹಿಂದಿನ ಮತ್ತು ಮುಂದಿನ ಫ್ರೇಮ್‌ಗಳನ್ನು ಛಾಯಾಗ್ರಾಹಕರಿಂದ ತರಿಸಿಕೊಳ್ಳಿ.

ಇನ್ನು ಅಡಿಬರಹ. ಕನ್ನಡದಲ್ಲಿ ‘ಚಿತ್ರ’ ಎಂದರೆ ಫೋಟೊ, ಬಿಡಿಸಿದ್ದು, ಸಿನಿಮಾ ಎಲ್ಲವೂ ಆಗುತ್ತದೆ. ಆದ್ದರಿಂದ ‘ಸಾಂದರ್ಭಿಕ ಚಿತ್ರ’ ಎಂಬ ಎರಡು ಪದಗಳು ಓದುಗನಿಗೆ ಏನನ್ನೂ ತಿಳಿಸುವುದಿಲ್ಲ. ಬೇರೆ ದಿನದ ಫೋಟೊವೋ, ಬೇರೆ ಊರಿನದೋ, ಎಐ ಹುಟ್ಟಿಸಿದ್ದೋ ಗೊತ್ತಾಗದು. ‘ಚಿತ್ರ: ಎಐ’ ಎಂಬುದು ಇನ್ನೂ ಕೆಟ್ಟದ್ದು. ಅಲ್ಲಿ ಕ್ಯಾಮೆರಾ ಹಿಡಿದು ನಿಂತವರ ಹೆಸರು ಬರಬೇಕು.

ಪ್ರವಾಹದ ಸುದ್ದಿ ಬಂದಿದೆ, ಛಾಯಾಗ್ರಾಹಕ ಇನ್ನೂ ತಲುಪಿಲ್ಲ ಎಂದಿಟ್ಟುಕೊಳ್ಳಿ. ಎಐ ನೆರೆನೀರನ್ನು ತಯಾರಿಸಬೇಡಿ, ಯಾವ ಅಡಿಬರಹವೂ ಅದನ್ನು ಸರಿಪಡಿಸಲಾರದು. ಆ ಊರಿನ ಜನ ಆ ನೀರಿನಲ್ಲಿ ತಮ್ಮ ಮನೆಯನ್ನೇ ಹುಡುಕುತ್ತಾರೆ. ಹಳೆಯ ಫೋಟೊ ಹಾಕಿ ‘ಬೆಳಗಾವಿ ಜಿಲ್ಲೆಯಲ್ಲಿ 2019ರ ಆಗಸ್ಟಿನ ಪ್ರವಾಹ (ಸಂಗ್ರಹ ಚಿತ್ರ)’ ಎಂದು ಊರು, ವರ್ಷ ಎರಡನ್ನೂ ಬರೆಯಿರಿ. ನಿದ್ರಾಹೀನತೆಯ ಕುರಿತ ಲೇಖನಕ್ಕೆ ಎಐ ಚಿತ್ರ ಬಳಸಿದರೆ ‘ಇದು ಛಾಯಾಚಿತ್ರವಲ್ಲ, ಎಐ ತಂತ್ರಾಂಶದಿಂದ ರಚಿಸಿದ್ದು’ ಎಂದು ಪೂರ್ತಿ ವಾಕ್ಯದಲ್ಲಿ ಹೇಳಿ. ಅಪ್ರಾಪ್ತ ಸಂತ್ರಸ್ತರ ಮುಖವನ್ನು ಕಾನೂನಿನಂತೆ ಮಸುಕು ಮಾಡಿದಾಗಲೂ ‘ಗುರುತು ಮರೆಮಾಚಲು ಮುಖವನ್ನು ಮಸುಕುಗೊಳಿಸಲಾಗಿದೆ’ ಎಂಬ ಸಾಲು ಇರಲಿ.

ಸುಳ್ಳು ಚಿತ್ರವನ್ನೇ ಸುದ್ದಿಯಾಗಿಸುವಾಗ ಅಡಿಬರಹ ಮಾತ್ರ ಸಾಲದು. 2023ರ ಮೇ 28ರಂದು ದೆಹಲಿಯಲ್ಲಿ ಪೊಲೀಸರು ವಶಕ್ಕೆ ಪಡೆದ ಕುಸ್ತಿಪಟುಗಳಾದ ವಿನೇಶ್ ಮತ್ತು ಸಂಗೀತಾ ಫೋಗಟ್ ಬಸ್ಸಿನೊಳಗೆ ನಗುತ್ತಿರುವಂತೆ ಒಂದು ಸೆಲ್ಫಿ ಹರಿದಾಡಿತು. ಮೂಲ ಸೆಲ್ಫಿಯಲ್ಲಿ ಆ ನಗು ಇರಲಿಲ್ಲ, ನಂತರ ಸೇರಿಸಿದ್ದು. ಇಂಥದ್ದನ್ನು ಅಚ್ಚು ಮಾಡುವಾಗ ಮೂಲವನ್ನು ಪಕ್ಕದಲ್ಲಿಡಿ, ನಕಲಿನ ಮುಖಗಳ ಮೇಲೆಯೇ ‘ತಿರುಚಿದ ಚಿತ್ರ’ ಎಂದು ದಪ್ಪ ಅಕ್ಷರದಲ್ಲಿ ಮುದ್ರೆ ಒತ್ತಿ. ಸ್ಕ್ರೀನ್‌ಶಾಟ್ ತೆಗೆದವರು ಮೊದಲು ಬಿಡುವುದೇ ಅಡಿಬರಹವನ್ನು. ಚಿತ್ರದ ಅಂಚಿನಲ್ಲಿ ಮುದ್ರೆ ಹಾಕಿದರೆ ಅದನ್ನೂ ಕತ್ತರಿಸುತ್ತಾರೆ.

ಯಾರೂ ಕೇಳದ ಒಂದು ಪ್ರಶ್ನೆ ನನ್ನನ್ನು ಇದಕ್ಕಿಂತ ಹೆಚ್ಚು ಕಾಡುತ್ತದೆ. ಗಣ್ಯರು ಸಸಿ ನೆಟ್ಟು ಹೊರಟಾಗ ‘ಸರ್, ಇನ್ನೊಮ್ಮೆ ನೀರು ಹಾಕಿ’ ಎಂದು ನಮ್ಮವರೇ ಕೂಗುತ್ತಾರೆ. ತಂತ್ರಾಂಶ ಮುಟ್ಟದ ಆ ಫೋಟೊದಲ್ಲಿ ಒಂದು ಬಿಂದುವನ್ನೂ ತಿದ್ದಿರುವುದಿಲ್ಲ, ಆದರೂ ಆ ಕ್ಷಣವೇ ನಮ್ಮ ಸೃಷ್ಟಿ. ಅದರ ಕೆಳಗೆ ‘ಸಸಿಗೆ ನೀರೆರೆದರು’ ಎಂದು ಬರೆಯುವುದು ನನಗೆ ಒಪ್ಪಿಗೆಯಿಲ್ಲ. ‘ಸಸಿ ನೆಟ್ಟ ಬಳಿಕ ಛಾಯಾಗ್ರಾಹಕರ ಕೋರಿಕೆಯಂತೆ ನೀರೆರೆದರು’ ಎಂದು ಬರೆಯಬೇಕೆಂದು ಡೆಸ್ಕಿನಲ್ಲಿ ಹಲವು ಸಲ ವಾದಿಸಿದ್ದೇನೆ. ಹಾಗೆ ಬರೆದ ಅಡಿಬರಹ ಒಂದೂ ಅಚ್ಚಾಗಲಿಲ್ಲ.