ನಿಮ್ಮ ಸ್ಯಾಂಪಲ್ ಕಳಸಕ್ಕೆ ಹೋಗಿದ್ದು ಹೇಗೆ?

ಬಾಟಲಿ ತೊಳೆಯುವುದು, ಲೇಬಲ್ ಅಂಟಿಸುವುದು, ಐಸ್ ಬಾಕ್ಸ್ ಹೊರುವುದು, ಇದನ್ನೆಲ್ಲ ಹಳ್ಳದ ನೀರಿನ ಸ್ಯಾಂಪಲ್ ತೆಗೆಯಲು ನಮ್ಮಲ್ಲಿಗೆ ಬರುವ ಇಂಟರ್ನ್‌ಗಳು ಚೆನ್ನಾಗಿಯೇ ಮಾಡುತ್ತಾರೆ. ಆ ಬಗ್ಗೆ ನನಗೆ ತಕರಾರಿಲ್ಲ. ನನ್ನ ತಲೆ ಕೆಡಿಸುವುದು ಒಂದೇ, ಅವರು ಜಾಗದ ಅಂಕಿ, ಅಂದರೆ ಅಕ್ಷಾಂಶ ರೇಖಾಂಶ, ಬರೆಯುವ ರೀತಿ.

ಡಿಸೆಂಬರ್, ಜನವರಿಯಲ್ಲಿ ಚಿಕ್ಕಮಗಳೂರು ಸುತ್ತ ಕಾಫಿ ಪಲ್ಪಿಂಗ್ ಜೋರಾಗಿರುತ್ತದೆ. ಹಣ್ಣಿನ ಸಿಪ್ಪೆ, ಲೋಳೆ ತೊಳೆದ ನೀರು ಹಳ್ಳಕ್ಕೆ ಬಂದರೆ, ಅದರಲ್ಲಿರುವ ಸಕ್ಕರೆ ಅಂಶ ಕೊಳೆಯುತ್ತಾ ನೀರಿನ ಆಮ್ಲಜನಕವನ್ನು ತಿಂದುಹಾಕುತ್ತದೆ. ಅದಕ್ಕೇ ಪೈಪ್ ಸೇರುವ ಜಾಗದಿಂದ ಮೇಲೊಂದು, ಕೆಳಗೊಂದು ಸ್ಯಾಂಪಲ್ ತೆಗೆಯುತ್ತೇವೆ. ಮುಳ್ಳಯ್ಯನಗಿರಿ ತಪ್ಪಲಿನ ಒಂದು ಹಳ್ಳದಲ್ಲಿ ಹೀಗೇ ತೆಗೆದಾಗ ಮೇಲೆ ಲೀಟರಿಗೆ 7.4 ಮಿಲಿಗ್ರಾಂ ಆಮ್ಲಜನಕ ಇತ್ತು, ಕೆಳಗೆ ಬರೀ 3.1. ಒಳ್ಳೆ ಕೆಲಸ. ಆದರೆ ಮ್ಯಾಪ್‌ನಲ್ಲಿ ಹಾಕಿದರೆ ಎರಡೂ ಚುಕ್ಕಿ ಕಳಸದ ಕಡೆ ಹೋಗಿ ಕೂತವು!

ಆಗಿದ್ದಿಷ್ಟೇ. ಫೋನ್ ತೋರಿಸಿದ್ದು 13°22'05", 75°44'10". ಅಂದರೆ ಡಿಗ್ರಿ, ಮಿನಿಟು, ಸೆಕೆಂಡು. ಸ್ಯಾಂಪಲ್ ತೆಗೆದ ಇಂಟರ್ನ್ ಹುಡುಗಿ ಆ ಚಿಹ್ನೆಗಳನ್ನೆಲ್ಲ ಬಿಟ್ಟು 13.2205, 75.4410 ಅಂತ ಬರೆದಳು. ಅದನ್ನು ನೋಡಿದವರು, ಕಂಪ್ಯೂಟರೂ ಸೇರಿ, ದಶಮಾಂಶ ಅಂತಲೇ ಓದುತ್ತಾರೆ. ಆದರೆ ಒಂದು ಡಿಗ್ರಿಗೆ 60 ಮಿನಿಟು, 100 ಅಲ್ಲ. 22 ಮಿನಿಟನ್ನು 60ರಿಂದ, 5 ಸೆಕೆಂಡನ್ನು 3600ರಿಂದ ಭಾಗಿಸಿ 13ಕ್ಕೆ ಕೂಡಿದರೆ 13.36806 ಬರುತ್ತದೆ. ಇನ್ನೊಂದು 75.73611. ಸರಿಯಾದ ಜಾಗಕ್ಕೂ ಅವಳು ಬರೆದ ಜಾಗಕ್ಕೂ ಸುಮಾರು 36 ಕಿಲೋಮೀಟರ್ ದೂರ. ಚುಕ್ಕಿ ಸಮುದ್ರದಲ್ಲಿ ಬಿದ್ದಿದ್ದರೆ ಯಾರಿಗಾದರೂ ಅನುಮಾನ ಬರುತ್ತಿತ್ತು. ಇದು ಬಿದ್ದಿದ್ದು ಕಾಫಿ ಸೀಮೆಯಲ್ಲೇ, ಹಾಗಾಗಿ ಯಾರೂ ಕಣ್ಣೆತ್ತಿ ನೋಡಲಿಲ್ಲ. ಸುಮ್ನೆ ಭದ್ರಾ ಕಡೆಯ ಯಾವುದೋ ತೋಟದವರ ಮೇಲೆ ಗೂಬೆ ಕೂರಿಸುವ ಹಾಗಾಗಿತ್ತು.

ಇದನ್ನು ಹಿಡಿಯುವುದು ಸುಲಭ. ಚುಕ್ಕಿಯ ನಂತರದ ಮೊದಲ ಎರಡು ಅಂಕಿಯನ್ನು ಒಂದು ಜೋಡಿ ಅಂತ ಓದಿ, ಮುಂದಿನ ಎರಡನ್ನು ಇನ್ನೊಂದು ಜೋಡಿ. ಪುಟದಲ್ಲಿರುವ ಎಲ್ಲ ಜೋಡಿಗಳೂ 60ಕ್ಕಿಂತ ಕಡಿಮೆ ಇದ್ದರೆ ಅದು ದಶಮಾಂಶ ಅಲ್ಲ, ಮಿನಿಟು ಸೆಕೆಂಡು ಇರಬೇಕು. ಒಂದೆರಡು ಪಾಯಿಂಟ್ ನೋಡಿ ತೀರ್ಮಾನ ಮಾಡಬೇಡಿ, ಅಕಸ್ಮಾತ್ತಾಗಿಯೂ ಹಾಗೆ ಬರಬಹುದು. ಇಡೀ ಪುಟ ಹಾಗಿದ್ದರೆ ಮಾತ್ರ ನಂಬಿ.

ಎಲ್ಲವನ್ನೂ ಆಮೇಲೆ ಸರಿಮಾಡಲು ಆಗುವುದಿಲ್ಲ. 5 ಸೆಕೆಂಡಿನ ಹಿಂದೆ ಸೊನ್ನೆ ಹಾಕದೆ 13.225 ಅಂತ ಬರೆದಿದ್ದರೆ ಅದು 22 ಮಿನಿಟು 5 ಸೆಕೆಂಡೋ, 50 ಸೆಕೆಂಡೋ, ಇಲ್ಲಾ 22.5 ಮಿನಿಟೋ? ಕೆಲವು ಜಿಪಿಎಸ್ ಯಂತ್ರಗಳು ಈ ಮೂರನೇ ರೀತಿಯಲ್ಲೂ ತೋರಿಸುತ್ತವೆ. 5ಕ್ಕೂ 50ಕ್ಕೂ ನೆಲದ ಮೇಲೆ ಹೆಚ್ಚುಕಮ್ಮಿ 1.4 ಕಿಲೋಮೀಟರ್ ವ್ಯತ್ಯಾಸ. ಹಳ್ಳವೇ ಬೇರೆಯಾಗಿಬಿಡುತ್ತದೆ. ಆದ್ದರಿಂದ ಹೊರಡುವ ಮುಂಚೆಯೇ ಫೋನನ್ನು ದಶಮಾಂಶಕ್ಕೆ ಬದಲಿಸಿ, ಚುಕ್ಕಿಯ ನಂತರ ಐದು ಅಂಕಿ ಬರೆಯಿರಿ. ಸ್ಕ್ರೀನ್‌ಶಾಟ್ ಕೂಡ ತೆಗೆದಿಡಿ, ಕೈಬರಹ ತಪ್ಪಿದರೆ ಅದೇ ಗತಿ.

ಐದು ಅಂಕಿ ಅಂದರೆ ಸುಮಾರು ಒಂದು ಮೀಟರ್. ಹಾಗಂತ ಫೋನು ಅಷ್ಟು ನಿಖರ ಅಂದುಕೊಳ್ಳಬೇಡಿ. ಸಿಲ್ವರ್ ಓಕ್ ನೆರಳಲ್ಲಿ, ಹಳ್ಳದ ತಗ್ಗಲ್ಲಿ ನಿಂತರೆ 20 ಮೀಟರ್ ಆಚೀಚೆ ಆಗುವುದು ಮಾಮೂಲಿ. ಆಪ್ ತೋರಿಸುವ ನಿಖರತೆಯನ್ನೂ ಪಕ್ಕದಲ್ಲಿ ಬರೆಯಿರಿ. ಮೇಲಿನ, ಕೆಳಗಿನ ಜಾಗಗಳ ನಡುವೆ 40 ಮೀಟರ್ ಇದ್ದು ಎರಡರಲ್ಲೂ ಅಷ್ಟೇ ತಪ್ಪಿದ್ದರೆ, ಯಾವುದು ಮೇಲೆ ಯಾವುದು ಕೆಳಗೆ ಅಂತ ಅಂಕಿ ಹೇಳುವುದಿಲ್ಲ. ಫೋಟೋ ಹೇಳಬೇಕು. ಬಾಟಲಿ ಲೇಬಲ್ ಕಾಣುವಂತೆ ಒಂದು, ನೀರು ಬರುವ ಕಡೆ ಮುಖ ಮಾಡಿ ಒಂದು, ಹೋಗುವ ಕಡೆಗೆ ಒಂದು. ಪೈಪ್, ಮೋರಿ, ದೊಡ್ಡ ಬಂಡೆ, ಏನಾದರೂ ಒಂದು ಗುರುತು ಚಿತ್ರದಲ್ಲಿರಲಿ. ನೀವು ನಗುತ್ತಾ ನಿಂತಿರುವ ಸೆಲ್ಫಿಯೂ ಬರಲಿ, ಬೇಡ ಅನ್ನಲ್ಲ, ಆದರೆ ಅದರ ಹಿಂದೆ ಹಳ್ಳವಾದರೂ ಕಾಣಬೇಕು ಅಲ್ವಾ?

ಫೋಟೋ ಮೇಲೆ ಜಾಗದ ಅಂಕಿ ಅಚ್ಚಾಗುವ ಕ್ಯಾಮೆರಾ ಆಪ್ ಇದೆಯಲ್ಲ ಸಾರ್ ಅನ್ನುತ್ತಾರೆ. ಇದೆ. ಆದರೆ ಜೀಪ್ ಇಳಿದ ತಕ್ಷಣ ಕ್ಲಿಕ್ಕಿಸಿದರೆ ಎಷ್ಟೋ ಸಲ ಹಿಂದಿನ ಜಾಗದ ಅಂಕಿಯೇ ಅಚ್ಚಾಗಿರುತ್ತದೆ. ಅಂಕಿ ಬದಲಾಗಿ ಒಂದು ಕಡೆ ನಿಲ್ಲುವ ತನಕ ಕಾಯಿರಿ.

ಇನ್ನು ವಾಟ್ಸಾಪ್. ಫೋಟೋವನ್ನು ಮಾಮೂಲಿನಂತೆ ಕಳಿಸಿದರೆ ಅದರೊಳಗೆ ಕ್ಯಾಮೆರಾ ಬರೆದಿಟ್ಟ ಜಾಗ, ಸಮಯ ಎರಡೂ ಉಳಿಯುವುದಿಲ್ಲ. ಡಾಕ್ಯುಮೆಂಟ್ ಆಗಿ ಕಳಿಸಿ, ಮೂಲ ಫೈಲ್ ಅಳಿಸಬೇಡಿ, ಗುಂಪಿನಿಂದ ಡೌನ್‌ಲೋಡ್ ಮಾಡಿದ್ದನ್ನು ನನಗೆ ಮತ್ತೆ ಕಳಿಸಬೇಡಿ. ಹಳ್ಳ ಬಿಡುವ ಮುಂಚೆ ಬರೆದ ಅಂಕಿಯನ್ನೇ ಮ್ಯಾಪ್‌ನಲ್ಲಿ ಟೈಪ್ ಮಾಡಿ ನೋಡಿ. ಸಿಗ್ನಲ್ ಇಲ್ಲದಿದ್ದರೆ ಬೆಟ್ಟದ ಬುಡದ ಕೈಮರ ಚೆಕ್‌ಪೋಸ್ಟ್ ಹತ್ತಿರ ಬಂದ ಮೇಲಾದರೂ ನೋಡಿ, ತಪ್ಪಿದ್ದರೆ ಅಲ್ಲಿಂದ ವಾಪಸ್ ಹೋಗಬಹುದು.